ಹನ್ನೊಂದು ಸೆಕೆಂಡಿನ ದೊಡ್ಡಪ್ಪ

ಅಕ್ಕನ ಮದುವೆಗೆ ಇನ್ನು ಐದು ವಾರ ಇತ್ತು. 2024ರ ಅಕ್ಟೋಬರ್ ಕೊನೆ. ಹಲಸೂರಿನ ದೊಡ್ಡಮ್ಮನ ಮನೆಯಲ್ಲಿ ಎಲ್ಲರೂ ಲಗ್ನಪತ್ರಿಕೆಗೆ ಅರಿಶಿನ ಹಚ್ಚುತ್ತಾ ಕೂತಿದ್ದಾಗ ಯಾರೋ ಅಂದರು, "ರಿಸೆಪ್ಷನ್‌ನಲ್ಲಿ ಒಂದು ವಿಡಿಯೋ ಹಾಕಬೇಕು. ಹುಡುಗ ಹುಡುಗಿ ಚಿಕ್ಕವರಾಗಿದ್ದಾಗಿಂದ ಇವತ್ತಿನವರೆಗೆ." ಎಲ್ಲರೂ ನನ್ನ ಕಡೆ ತಿರುಗಿದರು. "ನೀನು ಐಟಿಯವಳಲ್ವಾ, ನೀನೇ ಮಾಡು." ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್ ಅಂತ ಹೇಳಿ ಪ್ರಯೋಜನ ಇರಲಿಲ್ಲ.

ಅವತ್ತೇ ರಾತ್ರಿ ಫ್ಯಾಮಿಲಿ ಗ್ರೂಪಿಗೆ ಒಂದು ಮೆಸೇಜ್ ಹಾಕಿದೆ. "ಎಲ್ಲರೂ ನಿಮ್ಮ ಹತ್ತಿರ ಇರೋ ಅಕ್ಕ ಭಾವನ ಫೋಟೋ, ವಿಡಿಯೋ ಕಳಿಸಿ ಪ್ಲೀಸ್." ಮೂರು ದಿನದಲ್ಲಿ 300 ಚಿಲ್ಲರೆ ಫೋಟೋ ಬಂತು. ನನಗೆ ಖುಷಿಯೋ ಖುಷಿ. ಭಾನುವಾರ ಕೂತು ನೋಡಿದರೆ ಮುಕ್ಕಾಲು ಪಾಲು ಎರಡು ತಿಂಗಳ ಹಿಂದಿನ ನಿಶ್ಚಿತಾರ್ಥದ್ದು. ಒಂದೇ ಫೋಟೋ ಒಂಬತ್ತು ಜನರಿಂದ ಬಂದಿತ್ತು. ಬಾಲ್ಯದ್ದು ಅಂತ ಸಿಕ್ಕಿದ್ದು ನಾಲ್ಕೇ. ಅದರಲ್ಲಿ ಎರಡು, ಟ್ಯೂಬ್‌ಲೈಟ್ ಕೆಳಗೆ ಆಲ್ಬಮ್ ಇಟ್ಟು ತೆಗೆದದ್ದು. ಮಗುವಿನ ಮುಖದ ಜಾಗದಲ್ಲಿ ಬೆಳ್ಳಗೆ ಉದ್ದನೆಯ ಲೈಟ್.

ತಪ್ಪು ಅವರದ್ದಲ್ಲ. "ಇರೋದನ್ನ ಕಳಿಸಿ" ಅಂದರೆ ಫೋನಿನಲ್ಲಿ ಮೇಲೆ ಇರೋದನ್ನೇ ಕಳಿಸ್ತಾರೆ. ಬೇಕಾಗಿದ್ದದ್ದು ಬೀರುವಿನಲ್ಲಿತ್ತು.

ಆಮೇಲೆ ಲೆಕ್ಕ ಹಾಕಿದೆ. ರಿಸೆಪ್ಷನ್ ಅಂದರೆ ನಿಮಗೆ ಗೊತ್ತಲ್ಲ: ವೇದಿಕೆ ಮುಂದೆ ಕ್ಯೂ, ಒಂದು ಕಡೆ ಆರ್ಕೆಸ್ಟ್ರಾ, ಊಟದ ಹಾಲ್ ಕಡೆ ಓಡುವವರು. ಆರು ನಿಮಿಷಕ್ಕಿಂತ ಜಾಸ್ತಿ ಯಾರೂ ನೋಡಲ್ಲ. ಆರು ನಿಮಿಷ ಅಂದರೆ 360 ಸೆಕೆಂಡು. ನೆಂಟರು ಮಾತಾಡುವ ತುಣುಕು ಹತ್ತು ಸೆಕೆಂಡಿನಂತೆ ಹನ್ನೆರಡು ಹಾಕಿದರೆ 120 ಹೋಯ್ತು. ಉಳಿದ 240ರಲ್ಲಿ ಫೋಟೋಗೆ ಐದೈದು ಸೆಕೆಂಡು ಕೊಟ್ಟರೆ 48 ಫೋಟೋ. ಹುಡುಗನ ಕಡೆಗೆ 24, ನಮ್ಮ ಕಡೆಗೆ 24. ಅಷ್ಟೇ! 300 ಫೋಟೋ ಕೇಳೋದಲ್ಲ, ಸರಿಯಾದ 24 ಕೇಳಬೇಕು.

ಹಾಗಾಗಿ ಎರಡನೇ ಸಲ ಗ್ರೂಪಿಗೆ ಹಾಕಲಿಲ್ಲ. ಎರಡೂ ಕಡೆ ಸೇರಿ 22 ಮನೆ ಪಟ್ಟಿ ಮಾಡಿ, ಒಂದೊಂದು ಮನೆಗೂ ಬೇರೆ ಬೇರೆ ಕಾಗದ ಬರೆದೆ. ಪ್ರಿಂಟ್ ತೆಗೆದು ಲಗ್ನಪತ್ರಿಕೆ ಜೊತೆಗೇ ಕೊಡುವ ಹಾಗೆ. ಕೆಳಗಿನ ಅರ್ಧ ಎಲ್ಲರಿಗೂ ಒಂದೇ, ಮೇಲಿನ ಎರಡು ಸಾಲು ಮಾತ್ರ ಆಯಾ ಮನೆಗೆ. ಇಂದಿರಾನಗರದ ಭಾವನ ಸೋದರತ್ತೆಗೆ ಬರೆದದ್ದು ಹೀಗಿತ್ತು:

"ಅತ್ತೆಯವರಿಗೆ ನಮಸ್ಕಾರ. ಭಾವ ಮೂರನೇ ಕ್ಲಾಸಿನ ಬೇಸಿಗೆ ರಜವೆಲ್ಲಾ ನಿಮ್ಮ ಮನೆಯಲ್ಲೇ ಇದ್ದರಂತೆ. ಆ ರಜದ ಒಂದು ಫೋಟೋ ನಿಮ್ಮ ಆಲ್ಬಮ್‌ನಲ್ಲಿ ಇದ್ದರೆ ಅದೊಂದೇ ಸಾಕು.

ಪ್ಲಾಸ್ಟಿಕ್ ಹಾಳೆಯಿಂದ ಸಲೀಸಾಗಿ ಬಂದರೆ ಫೋಟೋ ಹೊರಗೆ ತೆಗೆಯಿರಿ. ಅಂಟಿಕೊಂಡಿದ್ದರೆ ಎಳೆಯಬೇಡಿ, ಹಾಗೇ ಇರಲಿ. ಹಗಲು ಹೊತ್ತು, ಕಿಟಕಿ ಪಕ್ಕ, ಬಿಸಿಲು ನೇರ ಬೀಳದ ಕಡೆ ಟೇಬಲ್ ಮೇಲೆ ಇಡಿ. ಲೈಟ್ ಆಫ್, ಫ್ಲಾಶ್ ಆಫ್. ಫೋನನ್ನು ನೇರ ಮೇಲಿನಿಂದ ಹಿಡಿದು ತೆಗೆಯಿರಿ. ಹಿಂದೆ ಏನಾದರೂ ಬರೆದಿದ್ದರೆ ಅದರದ್ದೂ ಒಂದು ತೆಗೆಯಿರಿ.

ಕಳಿಸುವಾಗ ವಾಟ್ಸಾಪ್‌ನಲ್ಲಿ ಗ್ಯಾಲರಿ ಬದಲು ಡಾಕ್ಯುಮೆಂಟ್ ಒತ್ತಿ ಕಳಿಸಿ. ಆಗದಿದ್ದರೆ ಒಂದು ಫೋನ್ ಮಾಡಿ, ನಾನೇ ಮನೆಗೆ ಬರ್ತೀನಿ.

ಮಾತಾಡಿ ಕಳಿಸುವ ಆಸೆ ಇದ್ದರೆ ಫೋನು ಅಡ್ಡ ಹಿಡಿದು ಹತ್ತೇ ಸೆಕೆಂಡು. 'ಹಾರೈಸ್ತೀವಿ' ಬೇಡ, ನಿಮಗೆ ನೆನಪಿರೋ ಒಂದು ಘಟನೆ ಹೇಳಿ. ನವೆಂಬರ್ 15ರೊಳಗೆ ಬಂದರೆ ಅನುಕೂಲ.

ಹಾಕಬಾರದ ಫೋಟೋ, ಹೇಳಬಾರದ ವಿಷಯ ಇದ್ದರೆ ನನಗೊಬ್ಬಳಿಗೇ ಹೇಳಿ. ಯಾಕೆ ಅಂತ ಕೇಳಲ್ಲ."

ಡಾಕ್ಯುಮೆಂಟ್ ಯಾಕೆ ಅಂತ ಬಹಳ ಜನ ಕೇಳಿದರು. ಮಾಮೂಲಿ ಫೋಟೋ ತರ ಕಳಿಸಿದರೆ ವಾಟ್ಸಾಪ್ ಅದನ್ನ ಕುಗ್ಗಿಸಿ ಕಳಿಸುತ್ತೆ. ಫೋನಿನಲ್ಲಿ ನೋಡೋಕೆ ವ್ಯತ್ಯಾಸ ಗೊತ್ತಾಗಲ್ಲ. ಆದರೆ ಹಳೇ ಫೋಟೋಗಳೆಲ್ಲಾ ಗ್ರೂಪ್ ಫೋಟೋಗಳು. ಹದಿನೈದು ಜನರ ನಡುವೆ, ಯಾರದೋ ಸೊಂಟದ ಮೇಲೆ ಇರೋ ಮಗುವಿನ ಮುಖವನ್ನ ಕತ್ತರಿಸಿ ಎಲ್‌ಇಡಿ ಗೋಡೆ ಮೇಲೆ ಹಾಕಿದಾಗ ಬಣ್ಣ ಬಣ್ಣದ ಚೌಕಗಳು ಕಾಣ್ತವೆ, ಕಣ್ಣು ಮೂಗು ಇರಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಬರುತ್ತೆ.

ಕೊನೆಯ ಸಾಲಿಗೆ ಎರಡು ಫೋನ್ ಬಂತು. ಏನು ಅಂತ ಇಲ್ಲೂ ಬರೆಯಲ್ಲ. ಆದರೆ ಆ ಸಾಲು ಇಲ್ಲದಿದ್ದರೆ ಆ ಎರಡು ಫೋಟೋನೂ ಖಂಡಿತ ವಿಡಿಯೋದಲ್ಲಿ ಇರುತ್ತಿದ್ದವು.

22ರಲ್ಲಿ 21 ಕಾಗದ ಹೋದವು. ಒಂದು ನನ್ನ ಬ್ಯಾಗಿನಲ್ಲೇ ಉಳಿಯಿತು. ಅದು ಕೆ.ಆರ್. ಪುರದಲ್ಲಿರುವ ಅಕ್ಕನ ಚಿಕ್ಕಪ್ಪನಿಗೆ.

ದೊಡ್ಡಪ್ಪ ತೀರಿಕೊಂಡಾಗ ಅಕ್ಕನಿಗೆ ಎಂಟು ವರ್ಷ. ಎರಡು ವರ್ಷ ಆದಮೇಲೆ ಹಲಸೂರಿನ ಹಳೇ ಮನೆ ಮಾರುವಾಗ ಪಾಲಿನ ವಿಷಯಕ್ಕೆ ಮಾತು ಬೆಳೆದು, ದೊಡ್ಡಮ್ಮನ ಮನೆಗೂ ಅವರಿಗೂ ಹೋಗಿ ಬರೋದೇ ನಿಂತಿತ್ತು. ದೊಡ್ಡಪ್ಪನ ಫೋಟೋಗಳೇನೋ ಇದ್ದವು. ಗೋಡೆ ಮೇಲಿರೋದು, ರೇಷನ್ ಕಾರ್ಡಿನದ್ದು, ಅಕ್ಕನ ನಾಮಕರಣದ್ದು. ಆದರೆ ಓಡಾಡುವ ದೊಡ್ಡಪ್ಪ ಎಲ್ಲೂ ಇರಲಿಲ್ಲ. "ಅಪ್ಪ ಹೇಗೆ ನಡೀತಿದ್ರು ಅಂತ ಮರೆತೇ ಹೋಗಿದೆ ಕಣೇ" ಅಂತ ಅಕ್ಕ ಒಂದು ಸಲ ಹೇಳಿದ್ದಳು. ಓಡಾಡುವ ದೊಡ್ಡಪ್ಪ ಸಿಗೋದಾದರೆ ಒಂದೇ ಕಡೆ: 1996ರಲ್ಲಿ ಆದ ಅವರ ತಮ್ಮನ ಮದುವೆ ಕ್ಯಾಸೆಟ್‌ನಲ್ಲಿ.

ದೊಡ್ಡಮ್ಮನನ್ನ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪತ್ರಿಕೆ ಅಂತೂ ಕೊಡಲೇಬೇಕು. ಅದರ ಜೊತೆ ಇನ್ನೊಂದು ಕಾಗದ ಹೋದರೆ ಏನು ಭಾರ ಆಗುತ್ತೆ? ಆದರೆ ನೀನೇ ಹೋಗಿ ಕೊಡು" ಅಂದರು.

ಹಲಸೂರಿನಲ್ಲಿ ಮೆಟ್ರೋ ಹತ್ತಿದರೆ ಈಗ ಕೆ.ಆರ್. ಪುರ ಬಹಳ ಹತ್ತಿರ. 2023ರ ಅಕ್ಟೋಬರ್‌ವರೆಗೆ ರೈಲು ಬೈಯಪ್ಪನಹಳ್ಳಿಗೇ ನಿಂತುಬಿಡ್ತಿತ್ತು, ಅಲ್ಲಿಂದ ಟಿನ್ ಫ್ಯಾಕ್ಟರಿ ಟ್ರಾಫಿಕ್ ದಾಟಬೇಕಿತ್ತು. ಹದಿನೆಂಟು ವರ್ಷ ಯಾರೂ ಹೋಗದ ಮನೆಗೆ ನಾನು ಅರ್ಧ ಗಂಟೆಯಲ್ಲಿ ತಲುಪಿದೆ.

ಅವರಿಗೆ ಬರೆದ ಎರಡು ಸಾಲು ಇಷ್ಟೇ: "ಚಿಕ್ಕಪ್ಪನವರಿಗೆ ನಮಸ್ಕಾರ. ಅಕ್ಕನ ಹತ್ತಿರ ಅವರಪ್ಪ ಓಡಾಡುವ ಒಂದು ವಿಡಿಯೋನೂ ಇಲ್ಲ. ನಿಮ್ಮ ಮದುವೆ ಕ್ಯಾಸೆಟ್ ಇದ್ದರೆ ಒಂದು ದಿನಕ್ಕೆ ಕೊಡ್ತೀರಾ, ನಾನೇ ವಾಪಸ್ ತಂದುಕೊಡ್ತೀನಿ." ಅವರು ಕನ್ನಡಕ ಹಾಕಿಕೊಂಡು ಓದಿದರು. ಏನೂ ಹೇಳದೆ ಒಳಗೆ ಹೋದರು. ಚಿಕ್ಕಮ್ಮ ಕಾಫಿ ತಂದಿಟ್ಟರು. ಕಾಫಿ ಆರುವ ಹೊತ್ತಿಗೆ ಚಿಕ್ಕಪ್ಪ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಕೈಗೆ ಕೊಟ್ಟರು. "ಅಣ್ಣ ಇದರಲ್ಲಿ ಇದ್ದಾನೆ. ನಾವೂ ನೋಡಿ ಬಹಳ ವರ್ಷ ಆಯ್ತು. ವಿಸಿಆರ್ ಎಲ್ಲಿದೆ ಈಗ?"

ಶಿವಾಜಿನಗರದಲ್ಲಿ ಹಳೇ ಟಿವಿ, ಟೇಪ್ ರಿಪೇರಿ ಮಾಡುವ ಒಬ್ಬರು ಸಿಕ್ಕರು. ಅವರು ಕ್ಯಾಸೆಟ್ಟಿನ ಮುಂದಿನ ಮುಚ್ಚಳ ಎತ್ತಿ, ರೀಲಿನ ಅಂಚನ್ನ ಲೈಟಿಗೆ ಹಿಡಿದರು. "ಬೆಳ್ಳಗೆ ಪುಡಿ ತರ ಕಂಡರೆ ಬೂಷ್ಟು ಅಂತ ಅರ್ಥ. ಹಾಗೇ ಮೆಷಿನ್‌ಗೆ ಹಾಕಿದರೆ ರೀಲೂ ಹಾಳು, ಮೆಷಿನ್ನೂ ಹಾಳು. ಬೂಷ್ಟು ಇದ್ದ ಕ್ಯಾಸೆಟ್ ಮನೇಲಿ ಹಾಕಿ ನೋಡಬೇಡಿ ಮೇಡಂ." ನಮ್ಮದು ಪುಣ್ಯಕ್ಕೆ ಒಂದು ಅಂಚಿನಲ್ಲಿ ಮಾತ್ರ ಚೂರು ಇತ್ತು, ಕ್ಲೀನ್ ಮಾಡಿದರು. ಆದರೆ ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಬೇಗ ಕಾಪಿ ಮಾಡೋಕೆ ಆಗಲ್ಲ. ವಿಸಿಆರ್‌ನಲ್ಲಿ ಅದು ಓಡಬೇಕು, ಕಂಪ್ಯೂಟರ್ ರೆಕಾರ್ಡ್ ಮಾಡಿಕೊಳ್ಳಬೇಕು. ಮೂರು ಗಂಟೆ ಕ್ಯಾಸೆಟ್‌ಗೆ ಮೂರು ಗಂಟೆ. ನಾನು ಸ್ಟೂಲ್ ಹಾಕಿಕೊಂಡು ಕೂತೆ.

ಒಂದು ಗಂಟೆ ನಲವತ್ತು ನಿಮಿಷಕ್ಕೆ ದೊಡ್ಡಪ್ಪ ಬಂದರು. ತಮ್ಮನ ಮೈಸೂರು ಪೇಟ ಸರಿ ಮಾಡಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿ, ಮತ್ತೆ ಸರಿ ಮಾಡಿ, ಕ್ಯಾಮೆರಾ ಕಡೆ ತಿರುಗಿ ಕೈ ಆಡಿಸಿ ಏನೋ ಹೇಳಿ ನಕ್ಕು ಹೋದರು. ಎಡಗಾಲು ಸ್ವಲ್ಪ ಎಳೆದ ಹಾಗೆ ನಡಿಗೆ. ಹನ್ನೊಂದು ಸೆಕೆಂಡು.

ಏನು ಹೇಳಿದರು ಅಂತ ಕೇಳಿಸಲಿಲ್ಲ. ಆ ಕಾಲದ ಮದುವೆ ಕ್ಯಾಸೆಟ್ ನೋಡಿದವರಿಗೆ ಗೊತ್ತು, ಮಿಕ್ಸಿಂಗ್ ಮಾಡುವಾಗ ಅಸಲಿ ಶಬ್ದ ತೆಗೆದು ಉದ್ದಕ್ಕೂ ಸಿನಿಮಾ ಹಾಡು ಹಾಕಿಬಿಡ್ತಿದ್ದರು. ದೊಡ್ಡಪ್ಪನ ದನಿಯ ಮೇಲೆ ಒಂದು ಡ್ಯುಯೆಟ್ ಕೂತಿತ್ತು. ರಿಪೇರಿಯವರನ್ನ ಕೇಳಿದೆ. "ಅಳಿಸಿ ಬರೆದಿರೋದು ಮೇಡಂ, ಕೆಳಗೆ ಏನೂ ಇರಲ್ಲ" ಅಂದರು.

ಕ್ಯಾಸೆಟ್ ವಾಪಸ್ ಕೊಡೋಕೆ ಹೋದಾಗ ಲ್ಯಾಪ್‌ಟಾಪ್‌ನಲ್ಲಿ ಚಿಕ್ಕಪ್ಪನಿಗೆ ತೋರಿಸಿದೆ. ಎರಡು ಸಲ ನೋಡಿದರು. ಆಮೇಲೆ ತಾವಾಗಿಯೇ ಅಂದರು, "ಕ್ಯಾಮೆರಾದವನಿಗೆ ಹೇಳಿದ್ದು. 'ಮೊದಲು ಊಟ ಮಾಡ್ಕೊಂಡು ಬಾರಪ್ಪ, ಮದುವೆ ಎಲ್ಲೂ ಓಡೋಗಲ್ಲ' ಅಂತ. ಅಣ್ಣನಿಗೆ ಯಾವಾಗಲೂ ಇನ್ನೊಬ್ಬರ ಊಟದ್ದೇ ಚಿಂತೆ."

ಇದನ್ನ ಕೆಳಗೆ ಅಕ್ಷರದಲ್ಲಿ ಹಾಕೋಣ ಅನ್ನಿಸಿತು. ಆದರೆ ಇದು ಅವರ ನೆನಪು, ದೊಡ್ಡಪ್ಪನ ದನಿ ಅಲ್ಲ. 28 ವರ್ಷದ ಹಿಂದಿನ ಮಾತು. "ಚಿಕ್ಕಪ್ಪ, ಇದನ್ನೇ ನೀವು ಹೇಳಿ, ನಾನು ರೆಕಾರ್ಡ್ ಮಾಡ್ತೀನಿ" ಅಂದೆ. ಅವರು ಷರಟು ಬದಲಾಯಿಸಿಕೊಂಡು ಬಂದು ಕೂತರು.

ಎಡಿಟ್ ಮಾಡುವಾಗ ಎರಡೇ ಕೆಲಸ ಹುಷಾರಾಗಿ ಮಾಡಿದೆ. ಕ್ಯಾಸೆಟ್ಟಿನ ಚಿತ್ರ ಹಳೇ ಟಿವಿ ಅಳತೆಯದ್ದು, ನಾಲ್ಕಕ್ಕೆ ಮೂರು. ಅಗಲ ಪರದೆ ತುಂಬಲಿ ಅಂತ ಎಳೆದರೆ ಎಲ್ಲರೂ ದಪ್ಪ ಆಗಿಬಿಡ್ತಾರೆ. ಅದಕ್ಕೆ ಎರಡು ಪಕ್ಕ ಕಪ್ಪು ಬಿಟ್ಟೆ. ಹಾಗೇ ಮಾತಾಡಿದ ಎಲ್ಲರ ಮಾತಿಗೂ ಕೆಳಗೆ ದಪ್ಪಕ್ಷರದಲ್ಲಿ ಕನ್ನಡ ಸಾಲು ಹಾಕಿದೆ. ಆರ್ಕೆಸ್ಟ್ರಾ ನಡುವೆ ಯಾರ ದನಿಯೂ ಕೇಳಲ್ಲ, ಓದಬಹುದು.

ಇನ್ನೊಂದು ವಿಷಯದಲ್ಲಿ ನಾನು ಹಟ ಹಿಡಿದೆ. "ಸ್ಟೇಜಿನ ಮೇಲೆ ಸರ್‌ಪ್ರೈಸ್ ಕೊಡೋಣ, ಅಳ್ತಾಳೆ, ಚೆನ್ನಾಗಿರುತ್ತೆ" ಅಂತ ತಮ್ಮಂದಿರು ಅಂದರು. ಐನೂರು ಜನರ ಮುಂದೆ, ಮೇಕಪ್ ಹಾಕಿಕೊಂಡು, ಇಪ್ಪತ್ತು ವರ್ಷ ಆದಮೇಲೆ ಅಪ್ಪ ನಡೆಯೋದನ್ನ ನೋಡೋದು ಅವಳಿಗೆ ಶಿಕ್ಷೆ. ರಿಸೆಪ್ಷನ್‌ಗೆ ಮೂರು ದಿನ ಮೊದಲು ರಾತ್ರಿ, ದೊಡ್ಡಮ್ಮನಿಗೆ ಮೊದಲು, ಆಮೇಲೆ ಅಕ್ಕನಿಗೆ ತೋರಿಸಿದೆ. ಎಷ್ಟು ಸಲ ನೋಡಿದಳೋ ಗೊತ್ತಿಲ್ಲ, ಲ್ಯಾಪ್‌ಟಾಪ್ ಅವಳ ರೂಮಲ್ಲೇ ಬಿಟ್ಟು ನಾನು ಮಲಗಿದೆ. ಬೆಳಿಗ್ಗೆ ಬಂದು ಹೇಳಿದಳು, "ಹಾಕು. ಆದರೆ ಚಿಕ್ಕಪ್ಪ ಮಾತಾಡೋದನ್ನ ಅಪ್ಪನ ಪಕ್ಕಾನೇ ಹಾಕು."

ಹಾಗೇ ಹಾಕಿದೆ. ರಿಸೆಪ್ಷನ್ ದಿನ ಅದು ಬರುವಾಗ ಹಾಲಿನಲ್ಲಿ ಅರ್ಧ ಜನ ಊಟಕ್ಕೆ ಹೋಗಿದ್ದರು. ಕೊನೆ ಸಾಲಿನ ಕುರ್ಚಿಯಲ್ಲಿ ಚಿಕ್ಕಪ್ಪ, ಚಿಕ್ಕಮ್ಮ ಕೂತಿದ್ದರು. ವಿಡಿಯೋ ಮುಗಿದ ಮೇಲೆ ದೊಡ್ಡಮ್ಮ ಅವರ ಹತ್ತಿರ ಹೋದರು. ಏನು ಮಾತಾಡ್ತಾರೋ ಅಂತ ನಾನು ಹಿಂದೆಯೇ ಹೋದೆ.

"ಊಟ ಆಯ್ತಾ?" ಅಂತ ಕೇಳಿದರು ಅಷ್ಟೇ.