ಮರಿ ತೊಡಿ ಮಾಂಸ: ಮೊದಲು ಸಣ್ಣ ಕಾವು, ಆಮೇಲೆ ಕಾದ ಹಂಚು

ನಮ್ಮ ಕಡೆ ಬಳ್ಳಾರಿ ತಳಿ ಕುರಿ ಸಾಕೋರಿಗೆ ಕಡದ ಮೇಲೆ ತೊಡಿ ತುಂಡು ಏನ್ ಮಾಡ್ಬೇಕು ಅನ್ನೋ ಪ್ರಶ್ನೆ ಬರ್ತದ. ಸಾರಿಗೆ ಹಾಕಿದ್ರೆ ಎಲ್ಲಾ ಒಂದೇ ರುಚಿ. ಎಳೆ ಮರಿ ಇದ್ರೆ ದಪ್ಪ ತುಂಡನ್ನ ಹಿಂದು ಮುಂದು ಮಾಡಿ ಬೇಯಿಸಬಹುದು. ಅಂದ್ರೆ ಮೊದಲು ಸಣ್ಣ ಕಾವಿನ ಓವನ್, ಕೊನೆಗೆ ಕಾದ ಹಂಚು.

ತುಂಡು ಎರಡು ಇಂಚು ದಪ್ಪ ಇರ್ಬೇಕು. ಒಂದು ಇಂಚಿನದಕ್ಕೆ ಈ ದಾರಿ ಉಪಯೋಗಿಲ್ಲ, ಹೊರಗೆ ಕೆಂಪಾಗೋದ್ರೊಳಗೆ ಒಳಗೂ ಪೂರ್ತಿ ಬೆಂದಿರ್ತದ. ಮುದಿ ಕುರಿಗೂ ಬ್ಯಾಡ. ಅದರ ನಾರು ಕರಗಬೇಕಂದ್ರೆ ನೀರಾಗ ತಾಸುಗಟ್ಟಲೆ ಬೇಯಬೇಕು.

ಸುಮಾರು ಮುಕ್ಕಾಲು ಕೆಜಿ ತುಂಡು ತಗೊಳ್ರಿ. ಹಿಂದಿನ ರಾತ್ರಿ ಎರಡೂ ಕಡೆ ಉಪ್ಪು ಹಚ್ಚಿ, ಜಾಲರಿ ಮೇಲೆ ಮುಚ್ಚಳ ಇಲ್ಲದಂಗೆ ಫ್ರಿಜ್ಜಿನಾಗ ಇಡ್ರಿ. ಮೇಲ್ಭಾಗ ಒಣಗಬೇಕು. ಹಸಿ ಕಟ್ಟಿಗೆ ನೀರು ಹೋಗೋತನಕ ಹೊತ್ತಂಗಿಲ್ಲ ನೋಡ್ರಿ, ಮಾಂಸನೂ ಹಂಗೇ. ಮೇಲೆ ನೀರಿದ್ರೆ ಅದು 100 ಡಿಗ್ರಿ ಹತ್ರಾನೇ ನಿಲ್ತದ. ಚಂದಾಗಿ ಕೆಂಪಾಗೋಕೆ 140 ಡಿಗ್ರಿ ದಾಟಬೇಕು.

ಮರುದಿನ ಕೇಕ್ ಮಾಡೋ ಸಣ್ಣ ಓವನ್ನನ್ನ 120 ಡಿಗ್ರಿಗೆ ಕಾಯಿಸ್ರಿ. ಅದರ ತಿರುಗಣಿ ಸುಳ್ಳು ಹೇಳೋದುಂಟು. ಒಳಗೆ ಬೇರೆ ಥರ್ಮಾಮೀಟರ್ ಇಟ್ಟು ನೋಡೋದು ಒಳ್ಳೇದು. ತುಂಡನ್ನ ಜಾಲರಿ ಮೇಲೆ ಇಟ್ಟು, ಕೆಳಗೊಂದು ತಟ್ಟಿ ಇಡ್ರಿ. ಮುಕ್ಕಾಲು ತಾಸು ಆಜುಬಾಜು ಹಿಡಿತದ, ಆದ್ರ ಗಡಿಯಾರ ನಂಬಬ್ಯಾಡ್ರಿ. ಅರ್ಧ ತಾಸಾದ ಮೇಲೆ ಮಾಂಸದ ಥರ್ಮಾಮೀಟರ್ ನಡುವಿಗೆ ಚುಚ್ಚಿ ನೋಡ್ರಿ. ಎಲುಬಿಗೆ ತಾಗಿದ್ರೆ ಲೆಕ್ಕ ತಪ್ಪುತದ. ನಡುವೆ 56 ಡಿಗ್ರಿ ಬಂದ ಕೂಡ್ಲೆ ತೆಗೀರಿ. ಆಗ ತುಂಡು ಬೆಳ್ಳಗೆ, ಕಳಾಹೀನ ಕಾಣ್ತದ. ಹೆದರಬ್ಯಾಡ್ರಿ.

ಕಬ್ಬಿಣದ ಹಂಚು ಜೋರು ಉರಿ ಮೇಲೆ ಐದು ನಿಮಿಷ ಕಾಯಿಸ್ರಿ. ಎರಡು ಹನಿ ನೀರು ಬಿಟ್ರೆ ಗುಂಡಾಗಿ ಓಡಾಡ್ಬೇಕು. ಹಂಚಿಗಲ್ಲ, ಮಾಂಸಕ್ಕೆ ತೆಳ್ಳಗೆ ಶೇಂಗಾ ಎಣ್ಣೆ ಸವರ್ರಿ, ಎರಡೂ ಕಡೆ ಒಂದೊಂದು ನಿಮಿಷ ಸುಡ್ರಿ. ಅಂಚಿನ ಕೊಬ್ಬನ್ನೂ ನಿಲ್ಲಿಸಿ ಸುಡ್ರಿ. ಸುಯ್ಯ್ ಅನ್ನೋ ಸದ್ದು ಬರದಿದ್ರೆ ಹಂಚು ಕಾದಿಲ್ಲ ಅಂತ ಅರ್ಥ. ಖಾರದ ಪುಡಿ ಈಗ ಹಾಕಬ್ಯಾಡ್ರಿ, ಸೀದು ಕಹಿ ಆಗ್ತದ. ಇಳಿಸಿದ ಮೇಲೆ ಉದುರಿಸ್ರಿ.

ಮೂರು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡ್ರಿ. ನಡುವೆ 63 ಡಿಗ್ರಿ ಇರ್ಬೇಕು. ಕಡಿಮೆ ಇದ್ರೆ ಓವನ್ನಿಗೆ ವಾಪಸ್ ಇಟ್ಟು ಅಷ್ಟು ಕಾವು ಬರಿಸ್ರಿ. ಕೊಯ್ದಾಗ ನಡುವೆ ತೆಳು ಗುಲಾಬಿ ಬಣ್ಣ, ಸುತ್ತ ಒಂದು ಕಂದು ಪದರ ಕಾಣ್ತದ. ಮೊದಲೇ ಹಂಚಿಗೆ ಹಾಕಿದ್ರೆ ನಡುಭಾಗ ಕಾಯೋದ್ರೊಳಗೆ ಹೊರಗಿನ ಅರ್ಧ ಇಂಚು ಒಣಗಿ ರಬ್ಬರಾಗ್ತದ. ಇಲ್ಲಿ ಅದು ಇಲ್ಲ.

ಗುಲಾಬಿ ಬಣ್ಣ ಕಂಡ್ರೆ ಮುಖ ತಿರುಗಿಸೋ ಹಿರಿಯರು, ಸಣ್ಣ ಮಕ್ಕಳು, ಬಸುರಿ ಹೆಣ್ಮಕ್ಕಳಿಗೆ ಓವನ್ನಿನಾಗೇ 66ಕ್ಕೆ ತಂದು, ಹಂಚಿನ ಮೇಲೆ 72 ಮುಟ್ಟಿಸ್ರಿ. ರಸ ಸ್ವಲ್ಪ ಕಡಿಮೆ ಆಗ್ತದ, ಆದ್ರ ಎಲ್ಲಾರೂ ಉಂತಾರ. ಬಿಸಿ ಜೋಳದ ರೊಟ್ಟಿ ಪಕ್ಕದಾಗ ಇದ್ರೆ ಸಾಕ್ರಿ.