ಮೂರು ಮಿಲಿಮೀಟರಿನ ಸುರಂಗದಲ್ಲಿ

ಗಟ್ಟಿಯಾಗಿ ಹಿಡಿದುಕೋ ಪುಟ್ಟೀ, ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ನಾಳದೊಳಕ್ಕೆ ಇಳಿಯುತ್ತಿದ್ದೇವೆ! ಅಗಲ ಮೂರರಿಂದ ನಾಲ್ಕು ಮಿಲಿಮೀಟರ್, ಅಷ್ಟೇ. ಹೃದಯ ಬಿಗಿದಾಗ ಇಲ್ಲಿ ಹರಿವು ತಗ್ಗುತ್ತದೆ, ಸಡಿಲಿದೊಡನೆ ರಕ್ತ ಭೋರೆಂದು ನುಗ್ಗುತ್ತದೆ. "ಟ್ರೆಡ್‌ಮಿಲ್ ಟೆಸ್ಟ್ ನಾರ್ಮಲ್ ಇದ್ದವರಿಗೆ ಮರುತಿಂಗಳೇ ಹಾರ್ಟ್ ಅಟ್ಯಾಕ್ ಹೇಗಾಗುತ್ತದೆ?" ಎಂದು ಕೇಳಿದೆಯಲ್ಲ, ಅದಕ್ಕೆ ಉತ್ತರ ಈ ಗೋಡೆಯ ಒಳಗಿದೆ. ಈ ನಾಳದ ಒಡೆಯನಿಗೆ ಈಗ ನಿನ್ನದೇ ವಯಸ್ಸು, ಹದಿನಾರು ಎಂದಿಟ್ಟುಕೋ.

ನಮ್ಮ ಜೊತೆಗೇ ಎಲ್‌ಡಿಎಲ್ ಕಣಗಳು ಓಡುತ್ತಿವೆ. ಕೊಲೆಸ್ಟ್ರಾಲ್ ಹೊತ್ತ ಇವನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರಿನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಹಿಡಿಯುತ್ತವೆ. ಎದುರಿಗೆ ಕವಲು! ನೇರ ಹರಿಯುತ್ತಿದ್ದ ರಕ್ತ ಇಲ್ಲಿ ಸುಳಿ ಸುತ್ತುತ್ತದೆ. ಗೋಡೆಯ ಒಳಪದರಕ್ಕೆ ಒಂದೇ ಕೋಶದ ದಪ್ಪ, ಸುಳಿಯ ಜಾಗದಲ್ಲಿ ಅದರ ಕಾವಲು ಸಡಿಲ. ರಕ್ತದಲ್ಲಿ ಕಣಗಳು ಹೆಚ್ಚಿದ್ದಷ್ಟೂ ಒಳಗೆ ನುಸುಳುವವು ಹೆಚ್ಚು. ಅಗೋ, ಒಂದು ನುಸುಳಿತು! ಒಳಗಿನ ನಾರುಗಳಿಗೆ ಅಂಟಿಕೊಂಡಿತು, ಇನ್ನು ಹೊರಬರಲಾರದು. ದಿನ ಕಳೆದಂತೆ ಅದರ ಕೊಬ್ಬು ಆಕ್ಸಿಡೀಕರಣಗೊಂಡು ಕೆಡುತ್ತದೆ.

ಒಳಪದರ ಅಪಾಯದ ಕರೆ ಕೊಡುತ್ತದೆ. ರಭಸದಲ್ಲಿ ಹೋಗುತ್ತಿದ್ದ ಬಿಳಿ ರಕ್ತಕಣಗಳು ಗೋಡೆಗೆ ಅಂಟಿ, ಉರುಳಿ, ಸಂದಿನಲ್ಲಿ ತೂರಿ ಒಳಗಿಳಿಯುತ್ತವೆ. ಕೆಟ್ಟ ಕಣಗಳನ್ನು ಒಂದೊಂದಾಗಿ ನುಂಗುತ್ತವೆ. ಆದರೆ ನುಂಗುವುದನ್ನು ಯಾವಾಗ ನಿಲ್ಲಿಸಬೇಕೆಂದು ಅವಕ್ಕೆ ಗೊತ್ತಿಲ್ಲ! ಕೊಬ್ಬಿನ ಹನಿಗಳಿಂದ ಮೈಯೆಲ್ಲ ಉಬ್ಬಿ ನೊರೆಯಂತಾದ ಕೋಶಗಳಾಗಿ ಅಲ್ಲೇ ಸಿಕ್ಕಿಬೀಳುತ್ತವೆ. ಗೋಡೆಯಲ್ಲಿ ಹಳದಿ ಗೆರೆ ಮೂಡುತ್ತದೆ. ಇದು ಮುದುಕರ ಕಾಯಿಲೆ ಎಂದುಕೊಳ್ಳಬೇಡ. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ಪರೀಕ್ಷಿಸಿ 1953ರಲ್ಲಿ ವರದಿ ಕೊಟ್ಟರು. ಅವರ ಸರಾಸರಿ ವಯಸ್ಸು 22. ನೂರಕ್ಕೆ 77 ಮಂದಿಯ ನಾಳಗಳಲ್ಲಿ ರೋಗದ ಗುರುತು ಕಣ್ಣಿಗೇ ಕಾಣುತ್ತಿತ್ತು.

ವರ್ಷಗಳು ಹಾರಿದವು, ಅವನಿಗೀಗ ನಲವತ್ತು. ಕೊಬ್ಬು ನುಂಗಿದ ಕೋಶಗಳು ಸತ್ತು ಒಡೆದಿವೆ, ನಡುವೆ ಮೆತ್ತನೆಯ ಕೊಳೆತ ಮಡು ತುಂಬಿದೆ. ಗೋಡೆಯ ಸ್ನಾಯುಕೋಶಗಳು ಮೇಲೆ ಬಂದು ಕೊಲಾಜನ್ ನೇಯ್ದು ಅದರ ಮೇಲೆ ಮುಚ್ಚಳ ಕಟ್ಟುತ್ತಿವೆ. ಆ ಮುಚ್ಚಳ ಗಟ್ಟಿಯಾಗಿರುವವರೆಗೆ ಅದು ಹರಿಯುವ ಅಪಾಯ ಕಡಿಮೆ.

ನೀನು ಕೇಳಿದ್ದರ ಗುಟ್ಟು ಈಗ ನೋಡು. ಇಷ್ಟೆಲ್ಲ ತುಂಬಿದರೂ ರಕ್ತದ ದಾರಿ ಇನ್ನೂ ಕಿರಿದಾಗಿಲ್ಲ! ನಾಳ ಹೊರಮುಖವಾಗಿ ಹಿಗ್ಗಿ ಜಾಗ ಮಾಡಿಕೊಟ್ಟಿದೆ. ಗೋಡೆಯೊಳಗಿನ ಗಂಟು ನಾಳದ ಸುಮಾರು ಶೇಕಡಾ 40 ಜಾಗ ಹಿಡಿಯುವವರೆಗೂ ದಾರಿ ಹೆಚ್ಚುಕಡಿಮೆ ತೆರೆದೇ ಇರುತ್ತದೆ ಎಂದು ಷಿಕಾಗೊದ ಸೀಮೋರ್ ಗ್ಲಾಗೋವ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಟ್ರೆಡ್‌ಮಿಲ್ ಪತ್ತೆಹಚ್ಚುವುದು ಓಡುವಾಗ ರಕ್ತ ಸಾಲದಷ್ಟು ಕಿರಿದಾದ ದಾರಿಯನ್ನು. ಮುಚ್ಚಳ ಎಷ್ಟು ತೆಳುವಾಗಿದೆ ಎಂಬುದು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಐವತ್ತು ತುಂಬಿತು. ಒಳಗೆ ಉರಿಯೂತ ಆರಿಲ್ಲ. ಬಿಳಿಕಣಗಳು ಉಗುಳುವ ಕಿಣ್ವಗಳು ಕೊಲಾಜನ್ನನ್ನು ಕಡಿಯುತ್ತಿವೆ, ನೇಯುವ ಕೋಶಗಳು ಸಾಯುತ್ತಿವೆ. ಮುಚ್ಚಳ 65 ಮೈಕ್ರಾನಿಗಿಂತ ತೆಳುವಾಯಿತು, ಒಂದು ತಲೆಗೂದಲಿನಷ್ಟು! ಒಂದು ಬೆಳಿಗ್ಗೆ ರಕ್ತದೊತ್ತಡ ಏರುತ್ತದೆ. ಮುಚ್ಚಳದ ಅಂಚು, ಗೋಡೆಗೆ ಕೂಡಿಕೊಳ್ಳುವ ಆ ಬಲಹೀನ ಜಾಗ, ಎಳೆತ ತಾಳದೆ ಪರ್ರನೆ ಹರಿಯಿತು!

ಮಡುವಿನ ಕೊಳೆ ರಕ್ತಕ್ಕೆ ತಾಗಿತು. ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನು ಅದರಲ್ಲಿದೆ, ಹೆಪ್ಪುಗಟ್ಟಿಸಲು ಅಷ್ಟು ಸಾಕು. ಪ್ಲೇಟ್‌ಲೆಟ್ ಎಂಬ ಕಿರುಬಿಲ್ಲೆಗಳು ಓಡಿಬಂದು ಒಂದರ ಮೇಲೊಂದು ಬೀಳುತ್ತಿವೆ. ಗಾಯ ಮುಚ್ಚಿ ನಮ್ಮನ್ನು ಕಾಪಾಡುವ ಪಡೆಯೇ ಇದು, ಇಲ್ಲಿ ದಾರಿಯನ್ನೇ ಮುಚ್ಚುತ್ತಿದೆ. ಫೈಬ್ರಿನ್ ಎಳೆಗಳು ಬಲೆ ಹೆಣೆದವು, ಕೆಂಪುಕಣಗಳು ಸಿಕ್ಕಿಬಿದ್ದವು. ಹರಿವು ನಿಂತಿತು!

ಹೆಪ್ಪಿನ ಆಚೆಗಿನ ಹೃದಯಸ್ನಾಯುವಿಗೆ ಆಮ್ಲಜನಕವಿಲ್ಲ. ಎದೆಯ ಮೇಲೆ ಬಂಡೆ ಹೇರಿದಂಥ ನೋವು, ಎಡತೋಳಿಗೆ ಹರಿಯುವ ಸೆಳೆತ, ತಣ್ಣನೆ ಬೆವರು. ಸುಮಾರು ಇಪ್ಪತ್ತು ನಿಮಿಷಕ್ಕೆ ಹೃದಯಗೋಡೆಯ ಒಳಪದರದ ಕೋಶಗಳು ಸಾಯತೊಡಗುತ್ತವೆ, ಸಾವು ಹೊರಗಿನ ಕಡೆಗೆ ಹಬ್ಬುತ್ತದೆ. ಮನೆಯವರು 108ಕ್ಕೆ ಕರೆಮಾಡಿದರು. ಇಸಿಜಿಯಲ್ಲಿ ಎಸ್‌ಟಿ ಗೆರೆ ಮೇಲೆದ್ದಿದೆ. ಕಿರುಬಿಲ್ಲೆಗಳು ಮತ್ತೆ ಕೂಡದಂತೆ ಆಸ್ಪಿರಿನ್ ಅಗಿಸಿದರು. ಮಣಿಕಟ್ಟಿನ ನಾಳದಿಂದ ಹೊರಟ ಸಪೂರ ತಂತಿ ಕತ್ತಲಲ್ಲಿ ತಡಕುತ್ತ ಬಂದು ಹೆಪ್ಪನ್ನು ತೂರಿತು! ಬಲೂನು ಉಬ್ಬಿತು, ಸ್ಟೆಂಟು ಬಿಚ್ಚಿಕೊಂಡಿತು, ರಕ್ತ ಮತ್ತೆ ನುಗ್ಗಿತು!

ಬದುಕಿದ. ಆದರೆ ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ, ಆ ಜಾಗ ಗಾಯದ ಕಲೆಯಾಗಿ ಗಟ್ಟಿಯಾಗುತ್ತದೆ. ಸ್ಟೆಂಟು ಸರಿಪಡಿಸಿದ್ದೂ ಹರಿದ ಆ ಒಂದು ಜಾಗವನ್ನು ಮಾತ್ರ, ಇಂಥ ಗಂಟುಗಳು ಅವನ ನಾಳಗಳಲ್ಲಿ ಇನ್ನೂ ಇವೆ. ಅದಕ್ಕೇ ಸ್ಟಾಟಿನ್ ಮಾತ್ರೆ. ಎಲ್‌ಡಿಎಲ್ ಇಳಿದಂತೆ ಒಳಗಿನ ಉರಿಯೂತ ತಗ್ಗುತ್ತದೆ, ತೆಳುವಾದ ಮುಚ್ಚಳಗಳು ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಮತ್ತೆ ದಪ್ಪವಾಗತೊಡಗುತ್ತವೆ.