ಮೂವತ್ತು ಸೆಕೆಂಡಿನ ವೀಕ್ಷಕ ವಿವರಣೆ

ಲೋಣಾವಳಾದ ಮೈದಾನದಲ್ಲಿ ಕಬಡ್ಡಿ ನಡೆದಾಗ ಮೈಕ್ ಹಿಡಿದವರು ದಾಳಿಗೆ ‘ಚಢಾಯಿ’ ಅನ್ನುತ್ತಾರೆ, ಹಿಡಿತಕ್ಕೆ ‘ಪಕಡ್’, ಇಡೀ ತಂಡ ಔಟಾದರೆ ‘ಲೋಣ್’. (ಊರಿನ ಹೆಸರಿಗೂ ಈ ಲೋಣ್‌ಗೂ ಸಂಬಂಧವಿಲ್ಲ. ಹತ್ತಿರದ ಕಾರ್ಲೆ, ಭಾಜೆ ಗುಹೆಗಳಿಂದ, ಅಂದರೆ ‘ಲೇಣಿ’ಯಿಂದ ಬಂದ ಹೆಸರು ಎನ್ನುತ್ತಾರೆ.) ಆ ವಿವರಣೆ ಅಲ್ಲೇ ಕೂತು ನೋಡುವವರಿಗೆ, ಕಣ್ಣಿಗೆ ಕಾಣುತ್ತಿರುವುದಕ್ಕೆ ಹುರುಪು ತುಂಬಿದರೆ ಸಾಕು. ನಾನು ಬರೆಯುವುದು ವಿಜಯಪುರ ಕಡೆಯ ಹಳ್ಳಿಯಲ್ಲಿರುವ ಅಪ್ಪನಿಗೆ. ವಯಸ್ಸಿನಲ್ಲಿ ಕಬಡ್ಡಿ ಆಡಿದವರು, ಈಗ ಕಣ್ಣು ಕಾಣುವುದಿಲ್ಲ. ಆಟವನ್ನು ಫೋನಿನಲ್ಲಿ ಹಿಡಿದು ತಂದು, ರೂಮಿನಲ್ಲಿ ಕೂತು ರೇಡಿಯೊ ವಿವರಣೆಯ ಹಾಗೆ ಬರೆದು, ಮೈದಾನದ ಸದ್ದಿನ ಮೇಲೆಯೇ ಓದಿ ಕಳಿಸುತ್ತೇನೆ.

ಒಂದು ದಾಳಿಗೆ ಸಿಗುವುದು 30 ಸೆಕೆಂಡು. ನಾನು ಓಡಿಸಿ ಓದಿದರೆ ಅಷ್ಟರಲ್ಲಿ ಅರವತ್ತು ಪದ ಹಿಡಿಸುತ್ತವೆ. ಆದರೆ ಅರವತ್ತನ್ನೂ ಬರೆದರೆ ಉಸಿರಿಗೆ ಜಾಗವಿರುವುದಿಲ್ಲ, ಮೈದಾನದ ಸದ್ದು ಪೂರ್ತಿ ಮುಚ್ಚಿಹೋಗುತ್ತದೆ. ಹಾಗಾಗಿ ನಲವತ್ತಕ್ಕೆ ನಿಲ್ಲಿಸುತ್ತೇನೆ. ಅಂಕ ಎಷ್ಟು, ಎದುರಿಗೆ ಎಷ್ಟು ಜನ, ಇದು ಡೂ ಆರ್ ಡೈ ದಾಳಿಯೇ ಎಂಬುದೆಲ್ಲ ರೈಡರ್ ಗೆರೆ ದಾಟುವ ಮೊದಲೇ ಮುಗಿಯಬೇಕು. ಒಳಗೆ ಹೋದ ಮೇಲೆ ಲೆಕ್ಕ ಹೇಳಲು ಹೊತ್ತಿಲ್ಲ.

ದೊಡ್ಡ ತೊಡಕು ಕನ್ನಡದ್ದೇ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಮೂಲೆಯಲ್ಲಿ ನಿಂತಿದ್ದ ಆಟಗಾರ ಮುಂದಕ್ಕೆ ಬಾಗಿ ರೈಡರನ ಬಲಗಾಲನ್ನು’ ಎನ್ನುವಷ್ಟರಲ್ಲಿ ಮೈದಾನ ‘ಹೋ’ ಎಂದಿರುತ್ತದೆ. ಹಿಡಿದನೋ ಬಿಟ್ಟನೋ ಕೇಳುವವನಿಗೆ ಇನ್ನೂ ಗೊತ್ತಿಲ್ಲ. ಆದ್ದರಿಂದ ಹಿಡಿತದ ಹೊತ್ತಿಗೆ ವಾಕ್ಯವನ್ನು ತಿರುಗಿಸಬೇಕು: ‘ಹಿಡಿದ! ಬಲಗಾಲು! ಮೂಲೆಯವನು!’ ಮನೆಯಲ್ಲಿ ಮಾತಾಡುವಾಗ ಗಾಬರಿಯಾದರೆ ನಾವು ಹೀಗೇ ಅನ್ನುತ್ತೇವೆ, ‘ಬಿತ್ತು, ಹಾಲಿನ ಪಾತ್ರೆ!’ ಬರವಣಿಗೆಯಲ್ಲಿ ಮಾತ್ರ ಶಿಸ್ತಿನ ವಾಕ್ಯಕ್ಕೆ ಕೈ ಹೋಗುತ್ತದೆ. ರೈಡರ್ ಸುಮ್ಮನೆ ಅಳೆಯುತ್ತ ಓಡಾಡುವಾಗ ಆ ಉದ್ದ ವಾಕ್ಯವೇ ಚೆಂದ, ಅವನ ನಡಿಗೆಯ ಹಾಗೆ ಸಾವಕಾಶ ಸಾಗುತ್ತದೆ.

ಎಡ–ಬಲದ ವಿಷಯದಲ್ಲಿ ಅಪ್ಪ ಬಿಗಿ. ಮೊದಲೇ ಕೇಳಿದ್ದರು: ‘ಯಾರ ಎಡಕ್ಕ? ಹಿಡಿಯಾಂವಂದೋ, ಬಂದಾಂವಂದೋ?’ ಎದುರುಬದುರು ನಿಂತಿರುವುದರಿಂದ ಹಿಡಿಯುವವರ ಎಡ ಮೂಲೆ ರೈಡರನ ಬಲಗೈ ಕಡೆಗಿರುತ್ತದೆ. ಆಟದ ರೂಢಿಯಲ್ಲಿ ಮೂಲೆಗಳನ್ನು ಹಿಡಿಯುವ ತಂಡದ ಕಣ್ಣಿನಿಂದಲೇ ಹೆಸರಿಸುತ್ತಾರೆ. ನಾನೂ ಹಾಗೇ ಬರೆಯುತ್ತೇನೆ, ಕೈಕಾಲಿನ ಎಡಬಲ ಮಾತ್ರ ಆಯಾ ಆಟಗಾರನದು. ಆಳವನ್ನು ಮೀಟರಿನಲ್ಲಿ ಹೇಳುವುದಿಲ್ಲ. ಮಧ್ಯಗೆರೆಯಿಂದ ಬಾಕ್ ಗೆರೆ 3.75 ಮೀಟರ್, ಅಲ್ಲಿಂದ ಬೋನಸ್ ಗೆರೆ ಇನ್ನೊಂದು ಮೀಟರ್ ಎಂದು ಆಡಿದವರ ಕಾಲಿಗೆ ಗೊತ್ತು. ಗೆರೆಯ ಹೆಸರು ಹೇಳಿದರೆ ಸಾಕು.

ಹೋದ ವಾರ ಕಳಿಸಿದ ಒಂದು ದಾಳಿ ಇದು. ಓರೆಗೆರೆ ಅಂದರೆ ಅರ್ಧ ಉಸಿರು, ಎರಡು ಓರೆಗೆರೆ ಅಂದರೆ ಪೂರ್ತಿ ಮೌನ.

‘ಎದುರಿಗೆ ಮೂವರೇ. ಡೂ ಆರ್ ಡೈ. ಹಿಡಿದರೆ ಎರಡು ಅಂಕ. / ಗೆರೆ ದಾಟಿದ. ಎಡ ಮೂಲೆಯ ಕಡೆಗೆ ಮೆಲ್ಲಗೆ ಸರಿಯುತ್ತ, ಕೈ ಚಾಚುತ್ತ, ಮತ್ತೆ ಹಿಂದೆ. / ಬಾಕ್ ಗೆರೆ ದಾಟಿತು ಕಾಲು. / ತಿರುಗಿದ. ಬಲ ಮೂಲೆ. / ಒದ್ದ! ಸಿಕ್ಕಿತು ಕಾಲು! ಆಂಕಲ್ ಹೋಲ್ಡ್! ಎಳೆಯುತ್ತಿದ್ದಾನೆ, ಎಳೆಯುತ್ತಿದ್ದಾನೆ, ಕೈ ಗೆರೆಗೆ, // ಇನ್ನೊಂದು ಗೇಣು, //’

ಇಲ್ಲಿ ಬಾಯಿ ಮುಚ್ಚಬೇಕು. ಹಿಡಿಸಿಕೊಂಡ ರೈಡರನ ಬೆರಳು ಮಧ್ಯಗೆರೆಗೆ ತಾಕಿದರೆ ಮುಟ್ಟಿದವರೆಲ್ಲ ಔಟ್. ತಾಕದಿದ್ದರೆ ಅವನು ಔಟ್, ಹಿಡಿದವರಿಗೆ ಸೂಪರ್ ಟ್ಯಾಕಲ್. ಅಂಪೈರ್ ಕೈ ಎತ್ತುವವರೆಗೆ ಯಾವುದೂ ನಿಜವಲ್ಲ. ಟೀವಿಯವರು ಈ ಜಾಗದಲ್ಲೂ ಕೂಗುತ್ತಲೇ ಇರುತ್ತಾರೆ, ನನಗೆ ಅದು ಹಿಡಿಸದು. ಸುಮ್ಮನಾದರೆ ಮಣ್ಣಿನಲ್ಲಿ ಮೈ ಉಜ್ಜುವ ಸದ್ದು ಕೇಳುತ್ತದೆ, ಆಮೇಲೆ ಶಿಳ್ಳೆ, ಆಮೇಲೆ ಯಾವ ಕಡೆಯ ಜನ ಎದ್ದರು ಎಂಬುದು. ಆದರೆ ಮೌನ ಮೂರು ಸೆಕೆಂಡು ದಾಟಬಾರದು. ದಾಟಿದರೆ ಅಪ್ಪ ರೆಕಾರ್ಡಿಂಗ್ ನಿಂತಿತೆಂದು ಫೋನ್ ಅಲ್ಲಾಡಿಸುತ್ತಾರಂತೆ. ಅಂಪೈರ್ ಹೊತ್ತು ತೆಗೆದುಕೊಂಡರೆ ‘ನೋಡುತ್ತಿದ್ದಾರೆ’ ಎಂಬ ಒಂದೇ ಪದ ಹಾಕುತ್ತೇನೆ.

ಆ ದಿನ ಎರಡು ಸೆಕೆಂಡು ಬಿಟ್ಟೆ. ಆಮೇಲೆ ‘ಔಟ್. ಸೂಪರ್ ಟ್ಯಾಕಲ್. ಎರಡು ಅಂಕ.’ ಅವ್ವ ಫೋನಿನಲ್ಲಿ ಹೇಳಿದಳು, ಆ ಸುಮ್ಮನಿರುವ ಹೊತ್ತಿನಲ್ಲಿ ಅಪ್ಪ ಹೊರಸಿನ ಅಂಚು ಹಿಡಿದು, ನನಗಿಂತ ಮೊದಲೇ, ‘ಮುಟ್ಟಲಿಲ್ಲ ಬಿಡು’ ಅಂದರಂತೆ.